ಪ್ರತ್ಯಯ ಸೇರಿದರೆ ಒತ್ತು ಎಲ್ಲಿಗೆ ಸರಿಯುತ್ತದೆ?

ವಿದೇಶಿ ಅತಿಥಿ ಬಂದಿಳಿದರೆ ಹೋಟೆಲಿನವರು ಅವರ ವಿವರದ ನಮೂನೆ ತುಂಬಬೇಕು. ಆಗ ಕೇಳಲೇಬೇಕಾದ ಪದ ‘ನ್ಯಾಷನ್ಯಾಲಿಟಿ’. ಗೋವೆಯ ಕಲಂಗುಟ್, ಮಡಗಾಂವ್‌ಗಳಲ್ಲಿ ರಿಸೆಪ್ಷನ್ ಕೆಲಸಕ್ಕೆ ಸೇರುವ ನಮ್ಮ ಕನ್ನಡದ ಹುಡುಗ ಹುಡುಗಿಯರಲ್ಲಿ ಕೆಲವರು ಇದನ್ನು ‘ನ್ಯಾಷನಲ್’ ಧಾಟಿಯಲ್ಲೇ ಹೇಳಿ, ಮೊದಲ ಭಾಗವನ್ನು ಒತ್ತಿ, ಉಳಿದದ್ದನ್ನು ಓಡಿಸಿಬಿಡುತ್ತಾರೆ. ಅತಿಥಿಗೆ ಪದ ಗುರುತು ಸಿಗುವುದಿಲ್ಲ, ಇನ್ನೊಮ್ಮೆ ಹೇಳಿ ಎನ್ನುತ್ತಾರೆ.

ಒತ್ತು ಎಂದರೆ ಇಲ್ಲಿ ನಮ್ಮ ಒತ್ತಕ್ಷರವಲ್ಲ. ಪದದ ಒಂದು ಉಚ್ಚಾರಾಂಶವನ್ನು ತುಸು ಎಳೆದು, ದನಿಯೇರಿಸಿ ಹೇಳುವುದು. ಕನ್ನಡದಲ್ಲಿ ಒತ್ತು ಆಚೀಚೆಯಾದರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷ್ ಕಿವಿ ಪದವನ್ನು ಗುರುತಿಸಲು ಆ ಒತ್ತನ್ನೇ ಹುಡುಕುತ್ತದೆ.

ಮೊದಲು ಪದವನ್ನು ಉಚ್ಚಾರಾಂಶಗಳಾಗಿ ಬಿಡಿಸಿ: ನ್ಯಾ-ಷ-ನ್ಯಾ-ಲಿ-ಟಿ. ಕೊನೆಯ ಪ್ರತ್ಯಯ ‘ಇಟಿ’. ಇದು ತನ್ನ ಹಿಂದಿನ ಉಚ್ಚಾರಾಂಶಕ್ಕೆ ಒತ್ತನ್ನು ಎಳೆದುಕೊಳ್ಳುತ್ತದೆ. ಆದ್ದರಿಂದ ಕೊನೆಯಿಂದ ಎಣಿಸಿ, ಮೂರನೆಯದನ್ನು ಒತ್ತಿ: ನ್ಯಾ-ಷ-ನ್ಯಾ-ಲಿ-ಟಿ. ‘ನ್ಯಾಷನಲ್’ನಲ್ಲಿ ಸೊರಗಿದ್ದ ‘ನಲ್’ ಇಲ್ಲಿ ಅರಳಿ ‘ನ್ಯಾ’ ಆಗಿದೆ. ಒತ್ತು ಸಿಕ್ಕ ಸ್ವರ ತುಂಬಿಕೊಳ್ಳುತ್ತದೆ, ಕಳೆದುಕೊಂಡದ್ದು ಸಾಮಾನ್ಯವಾಗಿ ಮಂಕಾಗುತ್ತದೆ. ಈ ಬದಲಾವಣೆ ಕೇಳಿಸದಿದ್ದರೆ ಒತ್ತು ಇನ್ನೂ ಜಾಗಕ್ಕೆ ಬಂದಿಲ್ಲ ಎಂದೇ ತಿಳಿಯಿರಿ.

‘ಇಕ್’, ‘ಷನ್’, ‘ಷಿಯನ್’ ಎಂದು ಮುಗಿಯುವ ಪದಗಳಲ್ಲೂ ಒತ್ತು ಬೀಳುವುದು ಪ್ರತ್ಯಯದ ಹಿಂದಿನ ಉಚ್ಚಾರಾಂಶಕ್ಕೇ. ಕರೆಂಟ್ ಹೋದಾಗ ದಿನವೂ ಬಳಸುವ ಮೂರು ಪದಗಳನ್ನು ಜೋರಾಗಿ ಹೇಳಿ ನೋಡಿ: ಇ-ಲೆಕ್-ಟ್ರಿಕ್, ಇ-ಲೆಕ್-ಟ್ರಿ-ಸಿ-ಟಿ, ಇ-ಲೆಕ್-ಟ್ರಿ-ಷನ್. ಮೊದಲನೆಯದರಲ್ಲಿ ಒತ್ತು ‘ಲೆಕ್’ ಮೇಲೆ, ಉಳಿದೆರಡರಲ್ಲಿ ‘ಟ್ರಿ’ ಮೇಲೆ. ಕೊನೆಯದನ್ನು ನಾವು ‘ಇಲೆಕ್ಟ್ರಿಷಿಯನ್’ ಎಂದು ಬರೆದರೂ ಬಾಯಲ್ಲಿ ‘ಷಿಯನ್’ ಒಂದೇ ಉಚ್ಚಾರಾಂಶವಾಗುತ್ತದೆ. ಒತ್ತಿನ ಜೊತೆಗೆ ವ್ಯಂಜನವೂ ಕ, ಸ, ಷ ಎಂದು ಬದಲಾಗುವುದು ನನಗೆ ಬಹಳ ಇಷ್ಟದ ಸಂಗತಿ. ಕಾಗುಣಿತದಲ್ಲಿ ಮಾತ್ರ ಮೂರರಲ್ಲೂ ಅದೇ ‘ಸಿ’ ಅಕ್ಷರ.

ಎಲ್ಲ ಪ್ರತ್ಯಯಗಳಿಗೂ ಈ ಶಕ್ತಿಯಿಲ್ಲ. ‘ನೆಸ್’, ‘ಮೆಂಟ್’, ‘ಫುಲ್’, ‘ಇಂಗ್’ ಸೇರಿದರೆ ಮೂಲ ಪದದ ಒತ್ತು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತದೆ. ‘ಈ’ ಎಂಬ ಪ್ರತ್ಯಯವಂತೂ ಹೆಚ್ಚಾಗಿ ಒತ್ತನ್ನು ತಾನೇ ತೆಗೆದುಕೊಳ್ಳುತ್ತದೆ. ಕಲಿಸುವವರು ಟ್ರೇ-ನರ್, ಕಲಿಯುವವರು ಟ್ರೇ-ನೀ. ಕೆಲಸಕ್ಕೆ ಹೊಸದಾಗಿ ಸೇರಿ ‘ನಾನು ಟ್ರೇನೀ’ ಎಂದು ಪರಿಚಯಿಸಿಕೊಳ್ಳುವಾಗ ಮೊದಲ ಭಾಗವನ್ನು ಒತ್ತಿದರೆ, ಗದ್ದಲದಲ್ಲಿ ಕೇಳುವವರು ಟ್ರೇನರ್ ಎಂದುಕೊಂಡಾರು.

‘ಇಕ್’ ನಿಯಮ ಗೋವೆಯಲ್ಲೇ ದಿನನಿತ್ಯ ಕೇಳುವ ಒಂದು ಪದದಲ್ಲಿ ಮುರಿಯುತ್ತದೆ: ಕ್ಯಾ-ಥ-ಲಿಕ್. ‘ಅರೇಬಿಕ್’, ‘ಪಾಲಿಟಿಕ್ಸ್’ಗಳಲ್ಲೂ ಒತ್ತು ಮೊದಲಿಗೇ ಬೀಳುತ್ತದೆ. ಇಂಥವನ್ನು ಒಂದೊಂದಾಗಿ ನೆನಪಿಡಬೇಕು. ಅನುಮಾನ ಬಂದರೆ ನಿಘಂಟು ತೆರೆಯಿರಿ. ಉಚ್ಚಾರಣೆಯ ಸಾಲಿನಲ್ಲಿ ಮೇಲ್ಗಡೆ ಸಣ್ಣ ನಿಲುಗೆರೆ ಇರುತ್ತದೆ. ಆ ಗೆರೆಯ ನಂತರ ಬರುವ ಉಚ್ಚಾರಾಂಶವನ್ನು ಒತ್ತಬೇಕು. ಕೆಳಗಡೆ ಇರುವ ಗೆರೆ ಹಗುರ ಒತ್ತಿನದು.