ನಾಲ್ಕನೇ ಮೆಟ್ಟಿಲಿನಿಂದ ನೆಲಕ್ಕೆ: ಹೈಸ್ಕೂಲ್ ಮಕ್ಕಳಿಗೆ ಪುಷ್‌ಅಪ್ ಕಲಿಸುವ ಕ್ರಮ

ಹೈಸ್ಕೂಲ್ ಮಕ್ಕಳಿಗೆ ಪುಷ್‌ಅಪ್ ಹೇಳಿಕೊಡುವಾಗ ನಾನು ಶುರುವಿಗೆ ನೆಲದ ಮೇಲೆ ಮಾಡಿಸುವುದೇ ಇಲ್ಲ. ಹದಿಮೂರು ಹದಿನಾಲ್ಕರ ಬಹಳಷ್ಟು ಮಕ್ಕಳಿಗೆ ಅದು ತಾಳಿಕೊಳ್ಳಲಾಗದ ಭಾರ. ಅಂಗೈ ಮತ್ತು ಕಾಲ್ಬೆರಳು ಎರಡೂ ನೆಲದ ಮೇಲಿದ್ದರೆ ಮೈತೂಕದ ಸುಮಾರು ಶೇಕಡಾ 64ರಷ್ಟನ್ನು ಕೈಗಳೇ ಹೊರಬೇಕು. 48 ಕೆ.ಜಿ. ತೂಗುವ ಹುಡುಗನಿಗೆ ಅದು ಹತ್ತಿರ ಹತ್ತಿರ 31 ಕೆ.ಜಿ. ಜಿಮ್ಮಿನಲ್ಲಿ ಮೊದಲ ದಿನವೇ ಅಷ್ಟು ತೂಕ ಎತ್ತಿಸಿ ಎಂದರೆ ಯಾವ ತಾಯಿತಂದೆಯೂ ಒಪ್ಪುವುದಿಲ್ಲ. ಪುಷ್‌ಅಪ್ ಎಂದಾಗ ಮಾತ್ರ ಆ ಲೆಕ್ಕ ಯಾರಿಗೂ ನೆನಪಾಗುವುದಿಲ್ಲ.

ಕೈ ಎತ್ತರದಲ್ಲಿದ್ದಷ್ಟೂ ಭಾರ ಇಳಿಯುತ್ತದೆ. ಕೈಯನ್ನು 60 ಸೆಂ.ಮೀ. ಎತ್ತರದಲ್ಲಿಟ್ಟರೆ ಮೈತೂಕದ ಸುಮಾರು ಶೇಕಡಾ 41, 30 ಸೆಂ.ಮೀ. ಎತ್ತರದಲ್ಲಿಟ್ಟರೆ ಸುಮಾರು 55. ಅದೇ ಹುಡುಗನಿಗೆ ಇದು 20 ಮತ್ತು 26 ಕೆ.ಜಿ. ಆಗುತ್ತದೆ. ಇದಕ್ಕೆ ಬೇಕಾದ ಸಲಕರಣೆ ಎಲ್ಲ ಶಾಲೆಯಲ್ಲೂ ಇದೆ: ಮೆಟ್ಟಿಲು. ಒಂದೊಂದು ಮೆಟ್ಟಿಲು ಸುಮಾರು 15 ಸೆಂ.ಮೀ. ಎತ್ತರ ಇರುವುದರಿಂದ ನಾಲ್ಕನೆಯದಕ್ಕೆ 60 ಸೆಂ.ಮೀ. ಸಿಗುತ್ತದೆ. ಅಲ್ಲಿಂದ ಒಂದೊಂದೇ ಮೆಟ್ಟಿಲು ಇಳಿಯುತ್ತಾ ನೆಲ ಮುಟ್ಟಬೇಕು. ನಾಲ್ಕನೆಯದೂ ಕಷ್ಟವಾದರೆ ಗೋಡೆಗೆ ಒತ್ತಿ ಇಟ್ಟ ಗಟ್ಟಿ ಮೇಜಿನಿಂದ ಶುರುಮಾಡಬಹುದು.

ಮೊಣಕಾಲೂರಿ ಮಾಡುವ ಪುಷ್‌ಅಪ್ ಸಾಲದೇ ಎಂದು ಕೇಳುವವರಿದ್ದಾರೆ. ಅದನ್ನು ನಾನು ಮಾಡಿಸುವುದಿಲ್ಲ. ಮೊಣಕಾಲೂರಿದಾಗ ಭಾರ ಶೇಕಡಾ 50ರ ಆಸುಪಾಸಿಗೆ ಇಳಿಯುತ್ತದೆ ನಿಜ, ಆದರೆ ಅಲ್ಲಿಂದ 64ಕ್ಕೆ ಒಂದೇ ನೆಗೆತ, ನಡುವೆ ಹಂತವೇ ಇಲ್ಲ. ಮೇಲಾಗಿ ಹಿಮ್ಮಡಿಯಿಂದ ತಲೆಯವರೆಗೆ ಮೈಯನ್ನು ಒಂದೇ ಗೆರೆಯಲ್ಲಿ ಬಿಗಿಹಿಡಿಯುವ ಕೆಲಸ ಅಲ್ಲಿ ತಪ್ಪಿಹೋಗುತ್ತದೆ. ಕಲಿಯಬೇಕಾದದ್ದೇ ಅದು. ಮೆಟ್ಟಿಲಿನ ಮೇಲೆ ಭಾರವಷ್ಟೇ ಬದಲಾಗುತ್ತದೆ, ಮೈಯ ಆಕಾರ ಮೊದಲ ದಿನದಿಂದ ಕೊನೆಯವರೆಗೂ ಒಂದೇ.

ಆ ಆಕಾರ ಕೂರಿಸಲು ಒಂದು ಕೋಲು ಸಾಕು. ಕೈ ಊರಿ ನಿಂತ ಮೇಲೆ ಬೆನ್ನಿನುದ್ದಕ್ಕೂ ಕೋಲನ್ನು ಇಟ್ಟರೆ ಅದು ತಲೆಯ ಹಿಂಭಾಗ, ಎರಡು ಹೆಗಲುಗಳ ನಡುವಿನ ಜಾಗ, ಬೆನ್ನುಮೂಳೆಯ ತುದಿ, ಈ ಮೂರು ಕಡೆ ತಾಗಬೇಕು. ಇಳಿಯುವಾಗಲೂ ಏಳುವಾಗಲೂ ಒಂದೂ ಬಿಡಬಾರದು. ತಲೆ ಬಿಟ್ಟರೆ ಗದ್ದ ಮುಂದಕ್ಕೆ ಚಾಚಿದೆ ಎಂದರ್ಥ. ಕೆಳಬೆನ್ನಿಗೂ ಕೋಲಿಗೂ ನಡುವೆ ಅಂಗೈ ದಪ್ಪಕ್ಕಿಂತ ಹೆಚ್ಚು ಸಂದು ಬಿದ್ದರೆ ಸೊಂಟ ಜೋತಿದೆ. ಸೊಂಟ ಜೋಲುವುದಕ್ಕೆ ಕಾರಣ ತೋಳಿನಲ್ಲಿಲ್ಲ. ಹೊಟ್ಟೆಯೂ ಕುಂಡಿಯೂ ಸಡಿಲ ಬಿಟ್ಟಿರುವುದು. ‘ಸೊಂಟ ಎತ್ತು’ ಎಂದು ಕೂಗಿದರೆ ಮಗು ಕುಂಡಿಯನ್ನು ಆಕಾಶಕ್ಕೆ ಎತ್ತುತ್ತದೆ. ‘ಕುಂಡಿ ಬಿಗಿ ಮಾಡು, ಮೊಣಕಾಲು ನೆಟ್ಟಗಿಡು’ ಎಂದರೆ ಸೊಂಟ ತಾನಾಗಿ ಸರಿಹೋಗುತ್ತದೆ.

ಅಂಗೈಗಳು ಹೆಗಲಿಗಿಂತ ಸ್ವಲ್ಪವೇ ಅಗಲವಿರಲಿ. ಕೆಳಗಿಳಿದಾಗ ಮೆಟ್ಟಿಲಿನ ಅಂಚು ಎದೆಯ ಕೆಳಭಾಗಕ್ಕೆ ಸಮನಾಗಿ ಬರಬೇಕು. ಕುತ್ತಿಗೆಯ ನೇರಕ್ಕೆ ಬಂದರೆ ಮಗು ತೀರಾ ಹಿಂದೆ ನಿಂತಿದೆ, ಆಗ ಮೊಣಕೈಗಳು ಅಕ್ಕಪಕ್ಕಕ್ಕೆ ಚಾಚಿ ಹೆಗಲ ಮುಂಭಾಗಕ್ಕೆ ನೋವು ಕೊಡುತ್ತವೆ. ಪಕ್ಕೆಗೂ ಮೇಲ್ದೋಳಿಗೂ ನಡುವೆ ಸುಮಾರು 45 ಡಿಗ್ರಿ ಇದ್ದರೆ ಸರಿ. ಇಳಿಯಲು ಮೂರು ಎಣಿಕೆ, ಕೆಳಗೆ ಒಂದು ಕ್ಷಣ ತಡೆದು ಏಳುವುದು. ನಿಧಾನವಾಗಿ ಇಳಿಸಿದರೆ ತಪ್ಪು ಅಡಗಿಕೊಳ್ಳಲು ಜಾಗವಿರುವುದಿಲ್ಲ. ಮೆಟ್ಟಿಲು ಒಣಗಿರಲಿ. ನುಣುಪು ಗ್ರಾನೈಟ್ ನೆಲದ ಮೇಲೆ ಸಾಕ್ಸ್ ಹಾಕಿಕೊಂಡು ಮಾಡಿದರೆ ಕಾಲು ಜಾರಿ ಗದ್ದ ಅಂಚಿಗೆ ಬಡಿಯುತ್ತದೆ. ಬರಿಗಾಲು ಅಥವಾ ರಬ್ಬರ್ ಅಡಿಯ ಶೂ ಇರಲೇಬೇಕು.

ಒಬ್ಬ ಹುಡುಗನ ಲೆಕ್ಕ ನೋಡೋಣ. ಒಂಬತ್ತನೇ ಕ್ಲಾಸು, 48 ಕೆ.ಜಿ., ‘ಇಪ್ಪತ್ತು ಹೊಡೀತೀನಿ ಸಾರ್’ ಎನ್ನುತ್ತಾನೆ. ಪಕ್ಕದಿಂದ ಫೋನಿನಲ್ಲಿ ವಿಡಿಯೊ ಹಿಡಿದರೆ ಮೊಣಕೈ ಅರ್ಧವೂ ಮಡಚುತ್ತಿಲ್ಲ, ಎಂಟರ ನಂತರ ಸೊಂಟ ನೆಲದತ್ತ ಇಳಿದಿದೆ. ಬೈಯುವ ಮೊದಲು ವಿಡಿಯೊ ತೋರಿಸಿದರೆ ಮಾತು ಸುಲಭ. ನಾಲ್ಕನೇ ಮೆಟ್ಟಿಲಿನಲ್ಲಿ ಕೋಲಿಟ್ಟು ಮಾಡಿಸಿದಾಗ ಸರಿಯಾಗಿ ಬಂದವು ಒಂಬತ್ತು. ಅದರ ಮೂರನೇ ಎರಡು ಭಾಗ ಹಿಡಿದು ಆರಾರರ ಮೂರು ಸೆಟ್ ಕೊಡುತ್ತೇನೆ, ನಡುವೆ ಎರಡು ನಿಮಿಷ ವಿರಾಮ. ಸೋಮ, ಬುಧ, ಶುಕ್ರ ಮಾತ್ರ. ಮೂರೂ ಸೆಟ್ ಅಚ್ಚುಕಟ್ಟಾಗಿ ಮುಗಿದರೆ ಮುಂದಿನ ಸಲ ಸೆಟ್ಟಿಗೆ ಒಂದು ಹೆಚ್ಚು. ಹನ್ನೆರಡರ ಮೂರು ಸೆಟ್ ಸತತ ಎರಡು ಸಲ ಬಂದರೆ ಒಂದು ಮೆಟ್ಟಿಲು ಇಳಿದು ಮತ್ತೆ ಆರಕ್ಕೆ ಮರಳುವುದು. ಆಕಾರ ಕೆಟ್ಟ ಕೂಡಲೇ ಆ ಸೆಟ್ ಮುಗಿಯಿತು, ಎಣಿಕೆ ಎಷ್ಟೇ ಉಳಿದಿರಲಿ.

ಹೆಚ್ಚಿನವರು ಎರಡನೇ ಮೆಟ್ಟಿಲಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಮೂರನೆಯದರಲ್ಲಿ ಹನ್ನೆರಡು ಮಾಡುವವನು ಎರಡನೆಯದರಲ್ಲಿ ನಾಲ್ಕಕ್ಕೇ ಕೆಡುತ್ತಾನೆ. ಆಗ ಮತ್ತೆ ಮೂರಕ್ಕೆ ಹತ್ತಿಸಿ, ಗೋಡೆಗೆ ಒತ್ತಿ ಇಟ್ಟ ಏಳೆಂಟು ಸೆಂ.ಮೀ. ದಪ್ಪದ ಹಲಗೆಯ ಮೇಲೆ ಕಾಲಿಡಿಸಿ. ಕಾಲು ಅಷ್ಟು ಮೇಲೇರಿದರೆ ಅರ್ಧ ಮೆಟ್ಟಿಲು ಇಳಿದ ಹಾಗಾಯಿತು. ಹಲಗೆಯನ್ನು ಕೈಕೆಳಗೆ ಇಡಬೇಡಿ, ಒತ್ತಿದಾಗ ಜರುಗುತ್ತದೆ.

ಒಂದು ಮೆಟ್ಟಿಲಿಗೆ ಎರಡರಿಂದ ನಾಲ್ಕು ವಾರ ಹಿಡಿಯುವುದು ಸಹಜ. ಆದರೆ ಮಗು ಸರ್ರನೆ ಉದ್ದವಾಗುವ ಕಾಲದಲ್ಲಿ ಈ ಲೆಕ್ಕ ನಿಲ್ಲುವುದಿಲ್ಲ. ಹುಡುಗಿಯರಲ್ಲಿ ಅದು ಹನ್ನೆರಡರ ಸುತ್ತ, ಹುಡುಗರಲ್ಲಿ ಹದಿನಾಲ್ಕರ ಸುತ್ತ. ಕೈಕಾಲು ಉದ್ದವಾಗಿ, ಅದಕ್ಕೆ ತಕ್ಕ ಸ್ನಾಯುಬಲ ಮತ್ತು ಹಿಡಿತ ಆಮೇಲೆ ಬರುವುದರಿಂದ ನಿನ್ನೆ ಚೆನ್ನಾಗಿ ಮಾಡುತ್ತಿದ್ದವನು ಇಂದು ತಡವರಿಸುತ್ತಾನೆ. ಹೀಗಾಗಿ ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಎತ್ತರ ಗುರುತು ಹಾಕುತ್ತೇನೆ. ಗುರುತು ಬೇಗ ಬೇಗ ಏರುತ್ತಿದ್ದರೆ ಅದೇ ಮೆಟ್ಟಿಲಿನಲ್ಲಿ ನಿಲ್ಲಿಸುವುದು, ಬೇಕಾದರೆ ಒಂದು ಮೇಲಕ್ಕೆ ಹತ್ತಿಸುವುದು. ಸೋಮಾರಿತನ ಎಂದು ಗದರಿ ಎಣಿಕೆ ಹೆಚ್ಚಿಸುವುದು ಈ ಹೊತ್ತಿನಲ್ಲಿ ದೊಡ್ಡ ತಪ್ಪು. ಈ ವಯಸ್ಸಿನಲ್ಲಿ ಎಲುಬಿನ ತುದಿಗಳಲ್ಲಿ ಬೆಳೆಯುವ ಮೃದು ಭಾಗ ಇನ್ನೂ ಗಟ್ಟಿಯಾಗಿರುವುದಿಲ್ಲ.

ಎದೆ, ತೋಳಿನ ಮಾಂಸ ಮರುದಿನ ಬಿಗಿದುಕೊಂಡಂತೆ ನೋಯುವುದು ಒಂದೆರಡು ದಿನದಲ್ಲಿ ಹೋಗುತ್ತದೆ. ಬೆರಳಿಟ್ಟು ‘ಇಲ್ಲೇ’ ಎಂದು ತೋರಿಸುವ ನೋವು, ಅದರಲ್ಲೂ ಮಣಿಕಟ್ಟಿನ ಹೆಬ್ಬೆರಳ ಕಡೆಯದು, ಬೇರೆ. ಆಗ ನಿಲ್ಲಿಸಬೇಕು. ಅಂಗೈ ಚಪ್ಪಟೆಯಾಗಿ ಇಟ್ಟಾಗ ಮಣಿಕಟ್ಟು ಹಿಂದಕ್ಕೆ ಬಾಗುವುದೇ ತೊಂದರೆಯಾಗಿದ್ದರೆ ಮೆಟ್ಟಿಲಿನ ಅಂಚನ್ನು ಹಿಡಿದು ಮಾಡಿಸಿದಾಗ ಮಣಿಕಟ್ಟು ನೇರವಾಗಿ ಆರಾಮ ಸಿಗುತ್ತದೆ. ಒಂದು ವಾರ ಬಿಡುವು ಕೊಟ್ಟೂ ನೋವು ಉಳಿದರೆ ಮೂಳೆ ಡಾಕ್ಟರಿಗೆ ತೋರಿಸಬೇಕು.

ಪುಷ್‌ಅಪ್ ಒಂದನ್ನೇ ಮಾಡಿಸಿದರೆ ಹೆಗಲು ಮುಂದಕ್ಕೆ ಬಾಗಬಹುದು. ಅಷ್ಟೇ ಸೆಟ್ ಎಳೆಯುವ ಕೆಲಸವೂ ಬೇಕು: ಸೊಂಟದೆತ್ತರದ ಗಟ್ಟಿ ಕಬ್ಬಿಣದ ಬಾರ್ ಹಿಡಿದು, ಅದರ ಕೆಳಗೆ ಮೈ ನೇರವಾಗಿ ಹಿಂದಕ್ಕೆ ವಾಲಿ ಎದೆಯನ್ನು ಬಾರಿನತ್ತ ಎಳೆದುಕೊಳ್ಳುವುದು. ಇಲ್ಲೂ ಕಾಲು ಮುಂದಕ್ಕೆ ಜರುಗಿಸಿದಷ್ಟೂ ಭಾರ ಹೆಚ್ಚು.

ಗರಡಿಯ ದಂಡ ಕಲಿಯಬೇಕೆನ್ನುವ ಮಕ್ಕಳಿಗೆ ನಾನು ನೆಲದ ಪುಷ್‌ಅಪ್ ಹನ್ನೆರಡರ ಮೂರು ಸೆಟ್ ಬಂದ ಮೇಲೆಯೇ ಅದನ್ನು ತೋರಿಸುವುದು. ದಂಡದಲ್ಲಿ ಮೈ ಕೆಳಗೆ ಜಾರಿ ಎದೆ ಮೇಲಕ್ಕೆ ಬಾಗುತ್ತದೆ, ಕೆಳಬೆನ್ನೂ ಹೆಗಲೂ ಇನ್ನಷ್ಟು ಹಿಡಿತ ಕೇಳುತ್ತವೆ. ಆಗಲೂ ಮೊದಲ ವಾರ ಐದೈದರ ಎರಡು ಸೆಟ್, ಅಷ್ಟೇ.