ಏಲಕ್ಕಿ ಚಹಾಕ್ಕೆ ಎರಡು ಕಾಯಿ ಸಾಕು. ಪಿತ್ತಕೋಶದಲ್ಲಿ ಕಲ್ಲಿದ್ದವರು ಏಲಕ್ಕಿ ಮಾತ್ರೆಯಿಂದ ದೂರವಿರಿ

ಊಟ ಭಾರವಾಗಿ ಹೊಟ್ಟೆ ಉಬ್ಬರಿಸಿದಾಗ ಎರಡು ಹಸಿರು ಏಲಕ್ಕಿಯನ್ನು ಸಿಪ್ಪೆ ಸಮೇತ ಆಗಲೇ ಜಜ್ಜಿ, ಒಂದೂಕಾಲು ಲೋಟ ಕುದಿಯುವ ನೀರಿಗೆ ಹಾಕಿ. ಉರಿ ಸಣ್ಣ ಮಾಡಿ, ಮುಚ್ಚಳ ಮುಚ್ಚಿ ಐದು ನಿಮಿಷ ಬಿಟ್ಟು ಸೋಸಿ. ಮುಚ್ಚಳ ಮರೆಯಬೇಡಿ: ಏಲಕ್ಕಿಯ ಗುಣವಿರುವುದು ಆವಿಯಾಗುವ ಎಣ್ಣೆಯಲ್ಲಿ. ಅಡುಗೆಮನೆಯೆಲ್ಲ ಘಮಘಮಿಸಿದರೆ ಲೋಟದಲ್ಲಿ ಉಳಿದಿದ್ದು ಕಡಿಮೆ ಎಂದರ್ಥ. ಹಳೆಯ ಪುಡಿಯೂ ಅದಕ್ಕೇ ಸಪ್ಪೆ.

ಬಾಯಿ ವಾಸನೆಗಾದರೆ ಸಕ್ಕರೆ ಬೇಡ, ಬಾಯಿಯ ಬ್ಯಾಕ್ಟೀರಿಯಾಕ್ಕೆ ಅದೇ ಆಹಾರ. ಸೋಸಿದ ಕಾಳನ್ನು ಅಗಿಯಿರಿ, ಜೊಲ್ಲು ಊರಿ ಬಾಯಿ ಸ್ವಚ್ಛವಾಗುತ್ತದೆ. ಆದರೆ ಪರಿಣಾಮ ಸ್ವಲ್ಪ ಹೊತ್ತು ಮಾತ್ರ. ದಿನಾ ವಾಸನೆ ಬರುತ್ತಿದ್ದರೆ ನಾಲಿಗೆಯ ಮೇಲಿನ ಬಿಳಿ ಪದರ, ವಸಡು ನೋಡಿಸಿಕೊಳ್ಳಿ.

ಎರಡು ಕಾಯಿಯ ಕಾಳು ಅರ್ಧ ಗ್ರಾಂಗೂ ಕಡಿಮೆ, ಅದರಲ್ಲೂ ನೀರಿಗಿಳಿಯುವುದು ಒಂದಂಶ. ಕ್ಯಾಪ್ಸೂಲ್, ಸಾರ, ಎಣ್ಣೆಯ ಹನಿ ಇದರ ಹಲವು ಪಟ್ಟು. ಚಹಾದ ಲೆಕ್ಕ ಅವಕ್ಕೆ ಹೊಂದದು. ಏಲಕ್ಕಿ ಪಿತ್ತರಸದ ಹರಿವನ್ನು ಹೆಚ್ಚಿಸಬಹುದು. ಕಲ್ಲಿದ್ದವರಲ್ಲಿ ಆಗ ಕಲ್ಲು ಪಿತ್ತನಾಳದಲ್ಲಿ ಸಿಕ್ಕಿಕೊಂಡು ನೋವು ತರುವ ಅಪಾಯವಿದೆ. ಅಂಥವರು ಪಾಯಸಕ್ಕೆ ಹಾಕುವ ಚಿಟಿಕೆಗೆ ಹೆದರಬೇಕಿಲ್ಲ, ಆದರೆ ದಿನವೂ ಚಹಾ ಕುಡಿಯುವ ಮೊದಲು ವೈದ್ಯರನ್ನು ಕೇಳಿ. ಬಲ ಪಕ್ಕೆಲುಬಿನ ಕೆಳಗೆ ಶುರುವಾಗಿ ಬೆನ್ನಿಗೋ ಬಲ ಭುಜಕ್ಕೋ ಹರಡುವ ನೋವನ್ನು ಗ್ಯಾಸ್ ಎಂದುಕೊಂಡು ಇನ್ನೊಂದು ಲೋಟ ಕುಡಿಯಬೇಡಿ. ಜ್ವರ, ಕಣ್ಣು ಹಳದಿಯಾಗುವುದು ಸೇರಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.