ಅಂಗಡಿ ರಿಪೇರಿ ಆದ ಮೇಲೆ ಇನ್ಶೂರೆನ್ಸ್ ಮೊತ್ತ ಹೆಚ್ಚಿಸಿಕೊಂಡಿದ್ದು: ನನ್ನ ಪತ್ರದ ಅನುಭವ

ಗೋಣಿಕೊಪ್ಪದಲ್ಲಿ ನಮ್ಮದು ಕಾಫಿ ಪುಡಿ, ಕರಿಮೆಣಸು, ಜೇನಿನ ಅಂಗಡಿ. ಸ್ವಂತ ಕಟ್ಟಡ, ಸುಮಾರು 600 ಚದರ ಅಡಿ. ಹಳೆಯ ಹೆಂಚಿನ ಮಾಡು ತೆಗೆಸಿ ಕಬ್ಬಿಣದ ಟ್ರಸ್ ಮೇಲೆ ಶೀಟ್ ಹಾಕಿಸಿದೆ. ವೈರಿಂಗ್, ನೆಲ, ರ‍್ಯಾಕ್ ಎಲ್ಲ ಹೊಸದು. ಒಟ್ಟು ಖರ್ಚು ಒಂಬತ್ತೂವರೆ ಲಕ್ಷದ ಹತ್ತಿರ. ಪಾಲಿಸಿಯಲ್ಲಿ ಮಾತ್ರ ಹಳೆಯ ಹದಿನೈದೂವರೆ ಲಕ್ಷವೇ ಇತ್ತು. ವರ್ಷದ ಮಧ್ಯದಲ್ಲೇ ಅದನ್ನು ಹೆಚ್ಚಿಸಬೇಕು ಅಂದಾಗ ಒಬ್ಬರೂ ಒಪ್ಪಲಿಲ್ಲ. ಏಜೆಂಟ್ "ರಿನ್ಯೂವಲ್‌ಗೆ ನೋಡಿದ್ರಾಯ್ತು ಬಿಡಿ ಅಣ್ಣ, ಈಗ್ಯಾಕೆ ತಲೆಬಿಸಿ" ಅಂದರು. ಪಕ್ಕದ ಅಂಗಡಿಯವರು "ಸುಮ್ನೆ ಪ್ರೀಮಿಯಂ ದಂಡ" ಅಂದರು. ರಿನ್ಯೂವಲ್‌ಗೆ ಇನ್ನೂ ಏಳು ತಿಂಗಳಿತ್ತು, ನಡುವೆ ಇಡೀ ಮಳೆಗಾಲ. 2018ರ ಮಳೆ ನೋಡಿದ ಕೊಡಗಿನವರಿಗೆ ಆ ಏಳು ತಿಂಗಳು ಸಣ್ಣದಲ್ಲ.

ಮೊದಲನೇ ಪತ್ರ ಏಜೆಂಟ್ ಹೇಳಿದ ಹಾಗೆ ಹೋಯಿತು. "ಅಂಗಡಿ ನವೀಕರಿಸಿದ್ದೇವೆ, ಮೊತ್ತವನ್ನು 25 ಲಕ್ಷಕ್ಕೆ ಏರಿಸಿ" ಅಂತ ಎರಡೇ ಸಾಲು. ಉತ್ತರವೇ ಬರಲಿಲ್ಲ. ಎರಡನೆಯದಕ್ಕೆ ಬಿಲ್ಲುಗಳ ಕಟ್ಟು ಸೇರಿಸಿದೆ. ಯಾವುದಕ್ಕೆ ಎಷ್ಟು ಅಂತ ವಿವರ ಕೇಳಿ ಅದು ವಾಪಸ್ ಬಂತು. ಅಷ್ಟರಲ್ಲಿ ಮೇ ತಿಂಗಳ ಗುಡುಗು ಶುರುವಾಗಿತ್ತು.

ಆಮೇಲೆ ಕೂತು ಲೆಕ್ಕ ಬರೆದೆ. ಪಾಲಿಸಿಯಲ್ಲಿ ಕಟ್ಟಡ, ಪೀಠೋಪಕರಣ, ಯಂತ್ರ, ಸ್ಟಾಕ್ ಇವೆಲ್ಲ ಬೇರೆ ಬೇರೆ ಬಾಬು. ಕಟ್ಟಡದ ಬಾಬಿನಲ್ಲಿ ಜಾಸ್ತಿ ಬರೆಸಿದ್ದೀರಿ ಅಂತ ಸ್ಟಾಕ್ ನಷ್ಟಕ್ಕೆ ಅದರಿಂದ ಒಂದು ರೂಪಾಯಿಯೂ ಬರಲ್ಲ. ಹಾಗಾಗಿ ಹಳೆಯ ಮೊತ್ತಕ್ಕೆ ಖರ್ಚನ್ನು ಸುಮ್ನೆ ಕೂಡಿಸಿದರೆ ಆಗಲ್ಲ. ಬಾಬುವಾರು ಕೂಡಬೇಕು, ಕಳೆಯಲೂ ಬೇಕು.

ಹಳೆಯ ಪಾಲಿಸಿಯಲ್ಲಿ ಕಟ್ಟಡ 9 ಲಕ್ಷ, ಪೀಠೋಪಕರಣ ಒಂದೂವರೆ, ಸ್ಟಾಕ್ 5. ಮಾಡಿಗೆ ಮೂರೂವರೆ ಲಕ್ಷ, ನೆಲಕ್ಕೆ 1.2, ವೈರಿಂಗಿಗೆ 80 ಸಾವಿರ, ಅಂದರೆ ಕಟ್ಟಡಕ್ಕೆ ಸೇರಿದ್ದು ಐದೂವರೆ. ಕಿತ್ತು ಹಾಕಿದ ಹಳೆಯ ಮಾಡು, ನೆಲದ ಬೆಲೆ ಒಂದೂವರೆ ಲಕ್ಷ ಅಂತ ಹಿಡಿದು ಕಳೆದೆ. ಕಟ್ಟಡ 13 ಲಕ್ಷ ಆಯಿತು. ರ‍್ಯಾಕ್, ಗಾಜಿನ ಕೌಂಟರಿಗೆ 2 ಲಕ್ಷ ಹೋಗಿತ್ತು. ಹಳೆಯ ಮರದ ರ‍್ಯಾಕ್ ಹೆಚ್ಚಿನವನ್ನು ಕೊಟ್ಟುಬಿಟ್ಟಿದ್ದೆ. ಹಾಗಾಗಿ ಪೀಠೋಪಕರಣ ಎರಡೂವರೆಗೆ ನಿಂತಿತು. ಹೊಸ ಕಾಫಿ ಗ್ರೈಂಡರ್ 1.3 ಲಕ್ಷ, ಅದು ಯಂತ್ರದ ಬಾಬಿಗೆ. ಹಳೆಯದನ್ನು ಕೆಡವಿದ ಕೂಲಿ, ಟಾರ್ಪಾಲಿನ ತಾತ್ಕಾಲಿಕ ಶೆಡ್, ಮಣ್ಣು ಸಾಗಿಸಿದ ಟ್ರ್ಯಾಕ್ಟರ್ ಎಲ್ಲ ಸೇರಿ 70 ಸಾವಿರ. ಅದರಿಂದ ಅಂಗಡಿಯ ಬೆಲೆ ಏರಲಿಲ್ಲ, ಆದ್ದರಿಂದ ಬಿಟ್ಟೆ.

ಸ್ಟಾಕ್ ಲೆಕ್ಕ ಯಾರೂ ಯೋಚಿಸದೇ ಇದ್ದದ್ದು. ಹೊಸ ರ‍್ಯಾಕ್ ಬಂದ ಮೇಲೆ ಅಂಗಡಿಯಲ್ಲಿ ಮಾಲು ಜಾಸ್ತಿ ಹಿಡಿಯುತ್ತದೆ. ಮೆಣಸು ಕೊಯ್ಲು ಮುಗಿದು ಚೀಲಗಳು ಒಳಗೆ ಬಂದಾಗ ಎಂಟು ಲಕ್ಷದ ಹತ್ತಿರ ಹೋಗುತ್ತದೆ. ನಷ್ಟವಾದ ದಿನ ಎಷ್ಟು ಮಾಲಿತ್ತು ಅನ್ನುವುದನ್ನೇ ನಷ್ಟ ಅಳೆಯಲು ಬರುವ ಸರ್ವೇಯರ್ ನೋಡುವುದು, ವರ್ಷದ ಸರಾಸರಿಯನ್ನಲ್ಲ. ಎಂಟು ಲಕ್ಷದ ಮಾಲಿಗೆ 5 ಲಕ್ಷದ ವಿಮೆ ಇದ್ದು, 2 ಲಕ್ಷದ್ದು ಹಾಳಾಯಿತು ಅಂತಿಟ್ಟುಕೊಳ್ಳಿ. ಎಂಟರಲ್ಲಿ ಐದು ಪಾಲು, ಅಂದರೆ ಒಂದೂಕಾಲು ಲಕ್ಷ ಮಾತ್ರ ಕೊಡುತ್ತಾರೆ. ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಶೇಕಡಾ 15ರವರೆಗಿನ ಕೊರತೆಯನ್ನು ಬಿಟ್ಟುಬಿಡುತ್ತಾರೆ, ನಿಜ. ಆದರೆ ಇಲ್ಲಿ ಕೊರತೆ ಅದಕ್ಕಿಂತ ಎಷ್ಟೋ ಜಾಸ್ತಿ.

ಹೀಗೆ ಒಟ್ಟು 24.8 ಲಕ್ಷ ಬಂತು. ಏಜೆಂಟ್ ಹೇಳಿದ 25 ಲಕ್ಷಕ್ಕೆ ಹತ್ತಿರವೇ ಅಲ್ವಾ? ಆದರೆ ಅವರ ಲೆಕ್ಕದಲ್ಲಿ ಸ್ಟಾಕ್ ಐದೇ ಲಕ್ಷ ಉಳಿದು, ಹೆಚ್ಚಿದ್ದೆಲ್ಲ ಕಟ್ಟಡಕ್ಕೆ ಹೋಗುತ್ತಿತ್ತು.

ಕಟ್ಟಡದ ಮೊತ್ತಕ್ಕೆ ಪರಿಚಯದ ಇಂಜಿನಿಯರ್ ಹತ್ತಿರ ಒಂದು ಹಾಳೆ ಬರೆಸಿದೆ. ಇಂದಿನ ದರದಲ್ಲಿ ಮತ್ತೆ ಕಟ್ಟಲು ಚದರ ಅಡಿಗೆ 2,200 ರೂಪಾಯಿ, ಜಾಗದ ಬೆಲೆ ಸೇರಿಸದೆ. 13.2 ಲಕ್ಷ ಬಂತು. ನನ್ನ 13ಕ್ಕೂ ಅದಕ್ಕೂ ತಾಳೆಯಾದ ಕಾರಣ ಆ ಬಾಬಿನ ಬಗ್ಗೆ ಆಫೀಸಿನವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ಮೂರನೇ ಪತ್ರದ ಮುಖ್ಯ ಭಾಗ ಹೀಗಿತ್ತು. ಅದರಲ್ಲಿ ಎಂಡಾರ್ಸ್‌ಮೆಂಟ್ ಅಂದರೆ ಪಾಲಿಸಿಯಲ್ಲಿ ಮಾಡಿದ ಬದಲಾವಣೆಗೆ ಕಂಪನಿ ಕೊಡುವ ಪತ್ರ:

"ಮೇಲಿನ ಸಂಖ್ಯೆಯ ಪಾಲಿಸಿಯ ನಮ್ಮ ಅಂಗಡಿಯ ನವೀಕರಣ ಮುಗಿದಿದೆ. ಹೆಂಚು ಮತ್ತು ಮರದ ಮಾಡಿನ ಬದಲು ಕಬ್ಬಿಣದ ಟ್ರಸ್ ಮೇಲೆ ಶೀಟ್ ಹಾಕಿದೆ. ವೈರಿಂಗ್ ಹೊಸದು, ಎಂಸಿಬಿ ಮತ್ತು ಅರ್ಥಿಂಗ್ ಇದೆ. ವಿಮಾ ಮೊತ್ತವನ್ನು ಹೀಗೆ ಬದಲಿಸಿ ಎಂಡಾರ್ಸ್‌ಮೆಂಟ್ ಕೊಡಬೇಕೆಂದು ಕೋರುತ್ತೇನೆ: ಕಟ್ಟಡ 9ರಿಂದ 13 ಲಕ್ಷ, ಪೀಠೋಪಕರಣ 1.5ರಿಂದ 2.5 ಲಕ್ಷ, ಯಂತ್ರ ಹೊಸದಾಗಿ 1.3 ಲಕ್ಷ, ಸ್ಟಾಕ್ 5ರಿಂದ 8 ಲಕ್ಷ. ಉಳಿದ ಅವಧಿಗೆ ಕಟ್ಟಬೇಕಾದ ಹೆಚ್ಚುವರಿ ಪ್ರೀಮಿಯಂ ತಿಳಿಸಿದರೆ ಅಂದೇ ಕಟ್ಟುತ್ತೇನೆ. ಬೇಕಿದ್ದರೆ ಬಂದು ಪರಿಶೀಲಿಸಬಹುದು."

ಮಾಡು ಬದಲಾದದ್ದನ್ನು ಬರೆಯದೆ ಬಿಡಬೇಡಿ. ಬರೀ ಹಣದ ಲೆಕ್ಕ ಬರೆದು ಕಟ್ಟಡದ ಸ್ವರೂಪ ಹೇಳದೆ ಇದ್ದರೆ ನಾಳೆ ಕ್ಲೇಮ್ ಹೊತ್ತಿಗೆ ಅದೇ ತಕರಾರು ಆಗುತ್ತದೆ. ಫೋಟೋಗಳಲ್ಲಿ ಮೀಟರ್ ಬೋರ್ಡನ್ನು ಮುಚ್ಚಳ ತೆಗೆದು ಹತ್ತಿರದಿಂದ ತೆಗೆದೆ, ಒಂದೊಂದು ಎಂಸಿಬಿಯ ಮೇಲಿನ ನಂಬರ್ ಓದಲು ಬರುವ ಹಾಗೆ. ಸಾಲ ಇರುವುದರಿಂದ ಬ್ಯಾಂಕಿಗೂ ಒಂದು ಪ್ರತಿ ಕೊಟ್ಟೆ, ಪಾಲಿಸಿಯಲ್ಲಿ ಅವರ ಹೆಸರೂ ಇದೆ. ಪತ್ರವನ್ನು ಯಾವ ದಿನ, ಯಾರ ಮೇಜಿಗೆ ಕೊಟ್ಟೆ ಅನ್ನುವುದು ನನ್ನ ಹತ್ತಿರವೇ ಇರಲಿ. ನನ್ನ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಮಾತ್ರ ಹೊರಗೆ ಬರಲಿಲ್ಲ.

ಈ ಸಲ ವಾರದೊಳಗೆ ಫೋನ್ ಬಂತು. ಹೆಚ್ಚಾದ ಒಂಬತ್ತು ಲಕ್ಷ ಚಿಲ್ಲರೆಗೆ, ಉಳಿದ ತಿಂಗಳುಗಳಿಗೆ, ಜಿಎಸ್‌ಟಿ ಸೇರಿ ಸಾವಿರ ರೂಪಾಯಿ ಆಸುಪಾಸು. ದಂಡ ಅಂದವರಿಗೆ ರಸೀದಿ ತೋರಿಸಿ ಬಂದೆ! ಅಂದೇ ಕಟ್ಟಿದ್ದೂ ಒಳ್ಳೆಯದಾಯಿತು. ವಿಮಾ ಕಾಯ್ದೆಯ 64ವಿಬಿ ಕಲಮಿನ ಪ್ರಕಾರ ದುಡ್ಡು ಸೇರುವವರೆಗೆ ಹೊಸ ಮೊತ್ತಕ್ಕೆ ರಕ್ಷಣೆ ಇಲ್ಲ. ಪತ್ರದ ತಾರೀಕು ಲೆಕ್ಕಕ್ಕೆ ಬರಲ್ಲ.

ನಡುವೆ ಇನ್ನೊಂದನ್ನು ಪರೀಕ್ಷೆ ಮಾಡಿ ನೋಡಿದೆ. ಸ್ಟಾಕ್ 10 ಲಕ್ಷಕ್ಕೆ ಏರಿಸಿದರೆ ಎಷ್ಟಾಗುತ್ತದೆ ಅಂತ ಕೇಳಿದೆ. ಇನ್ನೂರು ಮುನ್ನೂರು ರೂಪಾಯಿ ಜಾಸ್ತಿ ಅಷ್ಟೆ. ಆದರೂ ಬೇಡ ಅಂದೆ. ಇರುವ ಮಾಲಿಗಿಂತ ಹೆಚ್ಚು ಅವರು ಹೇಗೂ ಕೊಡಲ್ಲ. ಅದರ ಬದಲು ತಿಂಗಳ ಕೊನೆಗೆ ಸ್ಟಾಕ್ ಎಣಿಸಿ ಒಂದು ಪುಸ್ತಕದಲ್ಲಿ ಬರೆದಿಡಲು ಶುರುಮಾಡಿದೆ.

ಜುಲೈಯಲ್ಲಿ ಆ ಪುಸ್ತಕವೇ ಕೈಹಿಡಿಯಿತು. ಒಂದು ರಾತ್ರಿ ಗಾಳಿಗೆ ಪಕ್ಕದ ಮರದ ಕೊಂಬೆ ಬಿದ್ದು ಶೀಟ್ ಹರಿಯಿತು, ಮಳೆ ನೀರು ನೇರ ಮೆಣಸಿನ ಚೀಲಗಳ ಮೇಲೆ. ಸ್ಟಾಕ್ ನಷ್ಟ ಅರವತ್ತು ಸಾವಿರದಷ್ಟು. ಬೆಳಿಗ್ಗೆಯೇ ಫೋಟೋ ತೆಗೆದು ತಿಳಿಸಿದೆ, ಸರ್ವೇಯರ್ ಬರುವವರೆಗೆ ಒದ್ದೆ ಚೀಲ ಎಸೆಯಲಿಲ್ಲ. ಅವರು ಪುಸ್ತಕ ನೋಡಿ ಆ ದಿನದ ಮಾಲು ಏಳೂವರೆ ಲಕ್ಷ ಅಂತ ಬರೆದುಕೊಂಡರು. ಹಳೆಯ 5 ಲಕ್ಷವೇ ಇದ್ದಿದ್ದರೆ ಅರವತ್ತು ನಲವತ್ತಾಗುತ್ತಿತ್ತು. 8 ಲಕ್ಷ ಇದ್ದದ್ದರಿಂದ ಎಕ್ಸೆಸ್, ಅಂದರೆ ಕ್ಲೇಮಿನಲ್ಲಿ ನಾವೇ ಹೊರಬೇಕಾದ ಪಾಲು, ಅದನ್ನು ಮಾತ್ರ ಕಳೆದು ಉಳಿದದ್ದನ್ನು ಪೂರ್ತಿ ಕೊಟ್ಟರು. ಒಂದು ಮೂಲೆಯಲ್ಲಿ ಥಂಡಿಗೆ ಬೂಷ್ಟು ಹಿಡಿದಿದ್ದ ಚೀಲಗಳನ್ನು ಸೇರಿಸಲಿಲ್ಲ. ನಿಧಾನವಾಗಿ ಹಾಳಾಗುವುದು ಈ ಪಾಲಿಸಿಯಲ್ಲಿ ಬರಲ್ಲ, ನಾನೂ ಕೇಳಲಿಲ್ಲ.

ರಿನ್ಯೂವಲ್ ನೋಟಿಸ್ ಬಂದಾಗ ಅದರಲ್ಲಿ ಮತ್ತೆ ಹದಿನೈದೂವರೆ ಲಕ್ಷವೇ ಪ್ರಿಂಟ್ ಆಗಿತ್ತು. ಎಂಡಾರ್ಸ್‌ಮೆಂಟ್ ಪ್ರತಿ ಲಗತ್ತಿಸಿ ವಾಪಸ್ ಕಳಿಸಿದೆ. 24.8 ಲಕ್ಷದ ಹೊಸ ನೋಟಿಸ್ ಕೈಗೆ ಬಂದ ಮೇಲೆಯೇ ದುಡ್ಡು ಕಟ್ಟಿದ್ದು.